ಇಕ್ಕೇರಿ ಫೋಟೋದಿಂದ ಬಿಳಿ ಆಕಾಶ ತೆಗೆಯುವುದು: ಕಲ್ಲಿನ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತಿದೆ

ಸಾಗರದ ಡಿಟಿಪಿ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಶಾಲೆ ಮಕ್ಕಳಿಗಾಗಿ ಕೆಳದಿ, ಇಕ್ಕೇರಿ ಬಗ್ಗೆ ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದೇವೆ. ರಕ್ಷಾಪುಟಕ್ಕೆ ಅಘೋರೇಶ್ವರ ದೇವಸ್ಥಾನದ ಫೋಟೋ ಬೇಕು. ಮುಂದಿನ ಪುಟದಲ್ಲಿ ತೆಳು ಕೆನೆ ಬಣ್ಣದ ಮೇಲೆ, ಹಿಂದಿನ ಪುಟದಲ್ಲಿ ಗಾಢ ಮರೂನ್ ಮೇಲೆ. ಎರಡರಲ್ಲೂ ದೇವಸ್ಥಾನ ಮಾತ್ರ ಇರಬೇಕು, ಆಕಾಶ ಇರಬಾರದು.

ಫೋಟೋ ತೆಗೆದದ್ದು ಜುಲೈನಲ್ಲಿ. ಮೂರು ದಿನ ಜಡಿಮಳೆ ಹೊಯ್ದು ಒಂದು ಗಂಟೆ ಹೊಳವಾಗಿತ್ತು, ಅಷ್ಟರಲ್ಲೇ ಹೋಗಿ ಬಂದೆ. ಆಕಾಶ ಪೂರ್ತಿ ಬಿಳಿ. ಇಷ್ಟು ಬಿಳಿ ಇದ್ದರೆ ತೆಗೆಯುವುದು ಸುಲಭ ಅಂದುಕೊಂಡಿದ್ದೆ. ಫೋಟೋಶಾಪ್‌ನಲ್ಲಿ `Ctrl+Alt+2` ಒತ್ತಿ ಬೆಳಕಿನ ಭಾಗ ಸೆಲೆಕ್ಟ್ ಮಾಡಿ, ತಿರುಗಿಸಿ ಲೇಯರ್ ಮಾಸ್ಕ್ ಹಾಕಿದೆ. ಆಕಾಶ ಹೋಯಿತು, ಆದರೆ ಕಲ್ಲೂ ಅರ್ಧ ಹೋಯಿತು! ಮಳೆಯಲ್ಲಿ ನೆಂದ ಸೂರುಗಲ್ಲು ಗಾಜಿನ ಹಾಗೆ ಆಗಿ ಹಿಂದಿನ ಕೆನೆ ಬಣ್ಣ ಕಾಣುತ್ತಿದೆ. ಮರೂನ್ ಮೇಲಿಟ್ಟರೆ ಶಿಖರದ ಸುತ್ತ ಬಿಳಿ ದಾರ ಸುತ್ತಿದ ಹಾಗಿದೆ.

ಮೊದಲು ಒಂದು ಸ್ಟುಡಿಯೋಗೆ ಕೊಟ್ಟಿದ್ದೆ. ಅವರು ಪೆನ್ ಟೂಲ್‌ನಲ್ಲಿ ಕತ್ತರಿಸಿಕೊಟ್ಟರು. ಶಿಖರದ ಸಂದಿಯಲ್ಲಿ ಬೆಳೆದ ಹುಲ್ಲು, ಮಂಟಪದ ಅಂಚಿನ ಸಣ್ಣ ಕೆತ್ತನೆ ಎಲ್ಲ ಬೋಳಿಸಿದಂತಾಗಿ ರಟ್ಟಿನ ಗೊಂಬೆಯ ಹಾಗೆ ಕಾಣುತ್ತಿತ್ತು. ಆ ಹುಲ್ಲು ಉಳಿಯಬೇಕು ಎಂಬುದು ನನ್ನ ಆಸೆ. ಇಕ್ಕೇರಿ ಮಳೆಗಾಲದಲ್ಲಿ ಹಾಗೇ ಇರುವುದಲ್ಲವೇ? ರಾ ಫೈಲ್ ಇದೆ, ಅದೇ ದಿನ ಫೋನಿನಲ್ಲಿ ತೆಗೆದದ್ದೂ ಇದೆ. ದಾರಿ ಹೇಳಿ.

---

ಮುಂಗಾರು ಹೊಸನಗರ · ಸೋಮವಾರ ರಾತ್ರಿ 10:05

ಅಕ್ಕ, ಇಷ್ಟೆಲ್ಲ ಕಷ್ಟ ಯಾಕೆ? ದೀಪಾವಳಿ ಕಳೆದ ಮೇಲೆ ಹೋಗಿ, ಆಕಾಶ ನೀಲಿಯಾಗಿ ಸಿಗುತ್ತದೆ. ಬೆಳಿಗ್ಗೆ ಎಂಟರ ಬಿಸಿಲು ನಂದಿ ಮಂಟಪದ ಕಮಾನುಗಳ ಮೇಲೆ ಬಿದ್ದಾಗ ನೋಡಬೇಕು. ಅಷ್ಟರವರೆಗೆ ಕಾಯಲಾಗದಿದ್ದರೆ ಕವಲೇದುರ್ಗದಲ್ಲಿ ನಾನು ತೆಗೆದ ನೀಲಿ ಆಕಾಶದ ಫೋಟೋ ಕಳಿಸುತ್ತೇನೆ, ಹಿಂದೆ ಹಾಕಿಕೊಳ್ಳಿ.

---

ಸಾಗರದ ಡಿಟಿಪಿ · ಸೋಮವಾರ ರಾತ್ರಿ 10:12

ನಿಮ್ಮ ಪ್ರೀತಿಗೆ ಧನ್ಯವಾದ ಅಣ್ಣ, ಆದರೆ ನನಗೆ ಬೇರೆ ಆಕಾಶ ಬೇಡ. ಹಿಂದೆ ಬರೀ ಬಣ್ಣ ಇರಬೇಕು. ಪುಸ್ತಕ ಅಚ್ಚಿಗೆ ಹೋಗಲು ಇರುವುದು ಎರಡೇ ವಾರ.

---

ತುಂಗಾತೀರ · ಸೋಮವಾರ ರಾತ್ರಿ 10:50

ನೀವು ಮಾಡಿದ್ದು ಮೊದಲ ಮೆಟ್ಟಿಲು ಮಾತ್ರ. ಆ ಸೆಲೆಕ್ಷನ್ ಅರ್ಧ ಬೆಳಕಿರುವ ಜಾಗವನ್ನೂ ಅರ್ಧ ಹಿಡಿಯುತ್ತದೆ, ಅದಕ್ಕೇ ಕಲ್ಲು ಗಾಜಾದದ್ದು. ಚಾನೆಲ್ ಪಟ್ಟಿಯಲ್ಲಿ RGB ಚಿತ್ರದ ಮೇಲೆ `Ctrl+Alt+Shift` ಹಿಡಿದು ಕ್ಲಿಕ್ ಮಾಡುತ್ತಾ ಹೋಗಿ. ಪ್ರತಿ ಸಲವೂ ಸೆಲೆಕ್ಷನ್ ತನ್ನಿಂದ ತಾನೇ ಗುಣಿಸಿಕೊಂಡು ಕಡು ಬೆಳಕಿನತ್ತ ಸರಿಯುತ್ತದೆ. ಐದು ಸಲ ಮಾಡಿದರೆ ಆಕಾಶ ಮಾತ್ರ ಉಳಿಯುತ್ತದೆ. ಮಂಡಗದ್ದೆಯ ಹಕ್ಕಿಗಳ ಫೋಟೋಗಳಿಗೆ ನಾನು ಹೀಗೇ ಮಾಡುವುದು.

---

ಕತ್ತಲೆಕೋಣೆ · ಮಂಗಳವಾರ ಬೆಳಿಗ್ಗೆ 6:30

ತುಂಗಾತೀರ ಹೇಳಿದ್ದರಲ್ಲಿ ಕಾರಣ ಸರಿ ಇದೆ. ಮದ್ದು ಈ ಫೋಟೋಗೆ ನಾಟುತ್ತದೋ ಇಲ್ಲವೋ ಎಂದು ಅಳತೆ ನೋಡದೆ ಹೇಳಲಾಗದು. ಮೇಡಂ, ಮೊದಲು ಒಂದು ಕೆಲಸ ಮಾಡಿ. `Info` ಪ್ಯಾನೆಲ್ ತೆರೆದು ನಾಲ್ಕು ಕಡೆ ಕರ್ಸರ್ ಇಟ್ಟು ಅಂಕಿ ಬರೆದುಕೊಳ್ಳಿ. ಚಿತ್ರದ ಮೇಲ್ತುದಿಯ ಆಕಾಶ, ಮರಗಳ ತಲೆಗೆ ತಾಗಿದ ಆಕಾಶ, ನೆಂದ ಸೂರುಗಲ್ಲು, ಕಲ್ಲಿನ ಮೇಲಿನ ಬಿಳಿ ಪಾಚಿ. ನಾನು ಶಿವಮೊಗ್ಗದಲ್ಲಿ ಫಿಲ್ಮಿನ ಕಾಲದಿಂದ ಸ್ಟುಡಿಯೋ ಕೆಲಸ ಮಾಡಿದವನು. ಮಾಸ್ಕ್ ಯಾವುದೇ ಇರಲಿ, ಅಳತೆ ಮೊದಲು, ಕೈ ಆಮೇಲೆ.

---

ಸಾಗರದ ಡಿಟಿಪಿ · ಮಂಗಳವಾರ ಬೆಳಿಗ್ಗೆ 10:20

ಸರ್, ನೋಡಿದೆ. ಮೇಲ್ತುದಿಯ ಆಕಾಶ 252. ಶಿಖರದ ಸುತ್ತ 244ರಿಂದ 250. ಬಲಗಡೆ ಮರಗಳ ಮೇಲೆ 226. ಎಡಗಡೆ ಸೂರುಗಲ್ಲಿನ ನೆಂದ ಭಾಗ 218! ಬಿಳಿ ಪಾಚಿ 205ರ ಹತ್ತಿರ. ಉಳಿದ ಕಲ್ಲು 40ರಿಂದ 130. ನನ್ನ ಕಣ್ಣಿಗೆ ಆಕಾಶವೆಲ್ಲ ಒಂದೇ ಬಿಳಿ ಕಾಣುತ್ತದೆ, ಅಂಕಿ ನೋಡಿದರೆ ಒಂದೇ ಅಲ್ಲ. ತುಂಗಾತೀರ ಹೇಳಿದಂತೆ ಐದು ಸಲವೂ ಮಾಡಿ ನೋಡಿದೆ. ಸೂರು ಸ್ವಲ್ಪ ಗಟ್ಟಿಯಾಯಿತು, ಆದರೆ ಮರಗಳ ಮೇಲಿನ ಆಕಾಶ ಬೂದಿ ಬಣ್ಣದಲ್ಲಿ ಅರ್ಧ ಉಳಿದುಕೊಂಡಿತು.

---

ಕತ್ತಲೆಕೋಣೆ · ಮಂಗಳವಾರ ಮಧ್ಯಾಹ್ನ 2:15

ಈಗ ಎಲ್ಲ ಸ್ಪಷ್ಟವಾಯಿತು. ತಾಳ್ಮೆಯಿಂದ ಓದಿ.

218ನ್ನು 255ರಿಂದ ಭಾಗಿಸಿದರೆ 0.85. ಅಂದರೆ ನೆಂದ ಸೂರು ನೂರಕ್ಕೆ 85 ಪಾಲು ಸೆಲೆಕ್ಟ್ ಆಗಿದೆ. ಮರಗಳ ಮೇಲಿನ ಆಕಾಶ 226, ಅದು ನೂರಕ್ಕೆ 89. ಇವೆರಡನ್ನೂ ಐದು ಸಲ ತಮ್ಮಿಂದ ತಾವೇ ಗುಣಿಸಿದರೆ ಸೂರು ಸುಮಾರು 46ಕ್ಕೆ ಇಳಿಯುತ್ತದೆ, ಆಕಾಶ 55ಕ್ಕೆ. ಎರಡೂ ಒಟ್ಟಿಗೇ ಇಳಿದವು ನೋಡಿ. ಕಲ್ಲು ಇನ್ನೂ ಅರ್ಧ ಗಾಜು, ಆಕಾಶ ಇನ್ನೂ ಅರ್ಧ ಗಟ್ಟಿ. ಗುಣಾಕಾರ ಎರಡರ ನಡುವೆ ಗೋಡೆ ಕಟ್ಟುವುದಿಲ್ಲ, ಎರಡನ್ನೂ ಜಾರಿಸುತ್ತದೆ ಅಷ್ಟೆ. ಮಂಡಗದ್ದೆ ಹಕ್ಕಿಗಳ ಫೋಟೋದಲ್ಲಿ ಅದು ನಡೆಯುವುದಕ್ಕೆ ಕಾರಣ, ಅಲ್ಲಿ ಹಕ್ಕಿಯೂ ಕೊಂಬೆಯೂ ಆಕಾಶಕ್ಕಿಂತ ಬಹಳ ಕಪ್ಪಾಗಿ ಬಂದಿರಬೇಕು. ಜೊತೆಗೆ ಅಲ್ಲಿ ಆಕಾಶವನ್ನು ಸ್ವಲ್ಪ ತಗ್ಗಿಸಿದರೆ ಸಾಕು, ಪೂರ್ತಿ ತೆಗೆಯಬೇಕಾಗಿಲ್ಲ.

ಗೋಡೆ ಕಟ್ಟುವುದು `Levels`. ಚಾನೆಲ್ ಪಟ್ಟಿಯಲ್ಲಿ ಒಂದು ಚಾನೆಲ್‌ನ ನಕಲು ಮಾಡಿ, ಆ ನಕಲಿನ ಮೇಲೆ `Ctrl+L` ಒತ್ತಿ, ಕಲ್ಲಿನ ಅತಿ ಬೆಳಕಿನ ಅಂಕಿಗಿಂತ ಸ್ವಲ್ಪ ಮೇಲೆ ಕಪ್ಪು ಗುರುತು, ಆಕಾಶದ ಅತಿ ಕಪ್ಪು ಅಂಕಿಗಿಂತ ಸ್ವಲ್ಪ ಕೆಳಗೆ ಬಿಳಿ ಗುರುತು. ಇದರ ನಡುವೆ ಬಿದ್ದದ್ದು ಮಾತ್ರ ಬೂದಿಯಾಗಿ ಉಳಿಯುತ್ತದೆ, ಅದೇ ಅಂಚು.

ನಿಮ್ಮ ತೊಂದರೆ ಏನೆಂದರೆ 218 ಮತ್ತು 226ರ ನಡುವೆ ಜಾಗವೇ ಇಲ್ಲ. ಇಷ್ಟು ಕಡಿದಾಗಿ ಎಳೆದರೆ ಅಂಚು ಗರಗಸದ ಹಲ್ಲಿನಂತೆ ಆಗುತ್ತದೆ, ಹುಲ್ಲು ಉಳಿಯುವುದಿಲ್ಲ. ಆದರೆ ಯೋಚಿಸಿ, ಆ 218 ಎಲ್ಲಿದೆ? ಮೇಲೆ, ಸೂರಿನಲ್ಲಿ. 226 ಎಲ್ಲಿದೆ? ಕೆಳಗೆ, ಬಲಗಡೆ ಮರಗಳ ತಲೆಯಲ್ಲಿ. ಇವೆರಡೂ ಪಕ್ಕಪಕ್ಕ ಇಲ್ಲವೇ ಇಲ್ಲ. ಒಂದೇ ಮಾಸ್ಕ್‌ನಲ್ಲಿ ಎರಡನ್ನೂ ಹಿಡಿಯಲು ಹೋದದ್ದೇ ತಪ್ಪು.

ಇದು ನಿಮ್ಮ ಕ್ಯಾಮೆರಾದ ದೋಷವೂ ಅಲ್ಲ. ಪೂರ್ತಿ ಮೋಡ ಕವಿದ ಆಕಾಶ ಒಂದೇ ಬೆಳಕಿನದು ಎಂದು ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ನೆತ್ತಿಯ ಮೇಲಿನ ಆಕಾಶ ದಿಗಂತದ ಆಕಾಶಕ್ಕಿಂತ ಸುಮಾರು 3 ಪಟ್ಟು ಬೆಳಕಾಗಿರುತ್ತದೆ. ಕಟ್ಟಡದೊಳಗಿನ ಬೆಳಕು ಲೆಕ್ಕ ಹಾಕುವವರು ಮೋಡದ ಆಕಾಶಕ್ಕೆ ಇದನ್ನೇ ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಶಿಖರದ ಹಿಂದೆ ಬೆಳಕು ಹೆಚ್ಚು, ಮರಗಳ ಹಿಂದೆ ಕಡಿಮೆ. ಆ ನೆತ್ತಿಯ ಬೆಳಕನ್ನೇ ನೆಂದ ಸೂರುಗಲ್ಲು ಕನ್ನಡಿಯ ಹಾಗೆ ನಿಮ್ಮತ್ತ ತಿರುಗಿಸುತ್ತಿದೆ.

ಆದ್ದರಿಂದ ಚಾನೆಲ್‌ನ ಎರಡು ನಕಲು ಮಾಡಿ. ಮೊದಲನೆಯದು ಶಿಖರ ಮತ್ತು ಸೂರಿನ ಭಾಗಕ್ಕೆ, `Levels` ಕಪ್ಪು 222, ಬಿಳಿ 242. ಅಲ್ಲಿ ಆಕಾಶ 244ಕ್ಕಿಂತ ಮೇಲೇ ಇದೆ, ಸೂರು 218, ಎರಡೂ ಹೊರಗೆ ಬೀಳುತ್ತವೆ. ಎರಡನೆಯದು ಮರಗಳ ಭಾಗಕ್ಕೆ. ಅಲ್ಲಿ ಎಲೆಯ ಹೊಳಪು 170 ದಾಟುವುದಿಲ್ಲ ಎಂದುಕೊಳ್ಳೋಣ, ಕಪ್ಪು 175, ಬಿಳಿ 222. ಆಮೇಲೆ ಎರಡನೆಯದರಿಂದ ಕೆಳಭಾಗವನ್ನು ಲಾಸೋದಲ್ಲಿ ಸಡಿಲವಾಗಿ ಸುತ್ತಿ, ಅಂಚನ್ನು 30 ಪಿಕ್ಸೆಲ್ ಮೆತ್ತಗೆ ಮಾಡಿ, ನಕಲಿಸಿ ಮೊದಲನೆಯದರ ಮೇಲೆ ಅದೇ ಜಾಗಕ್ಕೆ ಅಂಟಿಸಿ. ಬೆಸುಗೆ ಬರೀ ಆಕಾಶದಲ್ಲಿ ಹಾದುಹೋಗಲಿ, ಕಲ್ಲಿನ ಮೇಲೆ ಬೇಡ. ಬೆಸುಗೆಯಲ್ಲಿ ತೆಳು ಬೂದಿ ಉಳಿದರೆ ಬ್ರಷ್ ಅನ್ನು `Overlay` ಮೋಡ್‌ಗೆ ಇಟ್ಟು ಬಿಳಿ ಬಣ್ಣದಲ್ಲಿ ಒಂದೆರಡು ಸಲ ಸವರಿ. ಆ ಮೋಡ್‌ನಲ್ಲಿ ಬಿಳಿಯ ಹತ್ತಿರವಿದ್ದದ್ದು ಬಿಳಿಯಾಗುತ್ತದೆ, ಕಡುಗಪ್ಪು ಹಾಗೇ ಇರುತ್ತದೆ.

ಯಾವ ಚಾನೆಲ್ ಎಂದರೆ, ನೀಲಿ. ಎಲೆ, ಪಾಚಿ, ಕೆಂಗಲ್ಲು ಎಲ್ಲ ನೀಲಿ ಚಾನೆಲ್‌ನಲ್ಲಿ ಕಪ್ಪಾಗುತ್ತವೆ, ಮೋಡ ಬೆಳ್ಳಗೇ ಇರುತ್ತದೆ. ನಿಮ್ಮ ಬಿಳಿ ಪಾಚಿಯ 205 ಅಲ್ಲಿ ಇನ್ನೂ ಇಳಿದಿರುತ್ತದೆ. ನೆಂದ ಸೂರು ಮಾತ್ರ ಇಳಿಯುವುದಿಲ್ಲ, ಅದು ತೋರಿಸುವುದು ಆಕಾಶವನ್ನೇ. ಅಂದಹಾಗೆ ನಾನು ಹೇಳಿದ ಅಂಕಿಗಳು ನೀವು ಕೊಟ್ಟ ಅಳತೆಯಿಂದ ಬಂದವು, ನೀಲಿ ಚಾನೆಲ್ ಒಂದನ್ನೇ ತೆರೆದು ಮತ್ತೆ ಅಳೆದು ಎರಡು ಮೂರು ಅಂಕಿ ಆಚೀಚೆ ಮಾಡಿಕೊಳ್ಳಿ.

---

ಅಡಿಕೆಗರಿ · ಮಂಗಳವಾರ ಸಂಜೆ 5:45

ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಮನೆ ಫೋಟೋದಲ್ಲಿ ಇದೇ ಕಥೆ. ಹಂಚಿನ ಮಾಡು, ಅದರ ಹಿಂದೆ ಅಡಿಕೆ ತೋಟ, ಮೇಲೆ ಬಿಳಿ ಮೋಡ. ಫೋನಿನಲ್ಲಿ ತೆಗೆದದ್ದು. ಈಗ ಸರ್ ಹೇಳಿದ ಹಾಗೆ ನೀಲಿ ಚಾನೆಲ್‌ನಲ್ಲಿ ಮಾಡಿದೆ ಮಾರಾಯ್ರೆ, ಗರಿಗಳ ತುದಿ ಚೌಕಚೌಕವಾಗಿ ಮೆಟ್ಟಿಲಿನಂತೆ ಬಂತು. ನನ್ನಲ್ಲಿರುವುದು ಗಿಂಪ್, ಅದರಿಂದ ಹೀಗಾಗುತ್ತದೆಯೇ?

---

ಕತ್ತಲೆಕೋಣೆ · ಮಂಗಳವಾರ ಸಂಜೆ 7:10

ಗಿಂಪ್‌ದು ತಪ್ಪಿಲ್ಲ, ಫೋನಿನ ಜೆಪೆಗ್‌ದು. ಜೆಪೆಗ್ ಬೆಳಕನ್ನು ಪೂರ್ತಿ ವಿವರದಲ್ಲಿ ಇಟ್ಟುಕೊಂಡು ಬಣ್ಣವನ್ನು ಸಾಮಾನ್ಯವಾಗಿ ಉದ್ದಗಲ ಎರಡರಲ್ಲೂ ಅರ್ಧ ವಿವರಕ್ಕೆ ಇಳಿಸಿ ಇಡುತ್ತದೆ. ಹಸಿರು ಚಾನೆಲ್ ಹೆಚ್ಚು ಕಡಿಮೆ ಬೆಳಕಿನ ಜೊತೆಯೇ ಹೋಗುವುದರಿಂದ ಅದಕ್ಕೆ ಪೆಟ್ಟು ಕಡಿಮೆ. ನೀಲಿ ಚಾನೆಲ್ ಆ ಇಳಿಸಿದ ಬಣ್ಣದ ಮೇಲೇ ನಿಂತಿದೆ. ನಾವು `Levels` ಎಳೆದಾಗ ಆ ಚೌಕಗಳು ಎದ್ದು ಕಾಣುತ್ತವೆ. ಆದ್ದರಿಂದ ರಾ ಫೈಲ್ ಇದ್ದರೆ ನೀಲಿ, ಜೆಪೆಗ್ ಮಾತ್ರ ಇದ್ದರೆ ಹಸಿರು ಚಾನೆಲ್. ಹಸಿರಿನಲ್ಲಿ ಅಡಿಕೆ ಗರಿ ಅಷ್ಟು ಕಪ್ಪಾಗುವುದಿಲ್ಲ ನಿಜ, ಆದರೆ ಅಂಚು ನುಣುಪಾಗಿ ಬರುತ್ತದೆ.

ಮೇಡಂ, ಫೋನಿನ ಫೋಟೋ ಬಿಡಿ, ರಾ ಫೈಲಿನಿಂದಲೇ ಮಾಡಿ. ತೆರೆಯುವಾಗ ಶಾರ್ಪನಿಂಗ್ ಸೊನ್ನೆಗೆ ಇಳಿಸಿ, `Remove Chromatic Aberration` ಗೆ ಟಿಕ್ ಹಾಕಿ. ಶಾರ್ಪನಿಂಗ್ ಇದ್ದರೆ ಕಲ್ಲು ಆಕಾಶ ಸೇರುವಲ್ಲಿ ಅದೇ ಒಂದು ಬಿಳಿ ಗೆರೆ ಹುಟ್ಟಿಸುತ್ತದೆ, ಆಮೇಲೆ ನಾವು ಮಾಸ್ಕನ್ನು ಬೈಯುತ್ತೇವೆ. ಶಾರ್ಪ್ ಮಾಡುವುದು ಎಲ್ಲ ಮುಗಿದ ಮೇಲೆ.

---

ಸಾಗರದ ಡಿಟಿಪಿ · ಬುಧವಾರ ಮಧ್ಯಾಹ್ನ 12:30

ಸರ್, ಮಾಸ್ಕ್ ಬಂತು! ಬರೀ ಮಾಸ್ಕ್ ನೋಡಿದರೆ ಶಿಖರ ಕಡುಗಪ್ಪು, ಆಕಾಶ ಅಚ್ಚ ಬಿಳಿ, ನಡುವೆ ಒಂದೊಂದು ಹುಲ್ಲುಕಡ್ಡಿ ಬೂದಿಯಲ್ಲಿ ಎದ್ದು ನಿಂತಿದೆ. ಎಡ ಸೂರಿನಲ್ಲಿ ನೀರು ನಿಂತ ಒಂದು ಕಡೆ ತೂತು ಬಿದ್ದಿತ್ತು, ಅದನ್ನು ಕಪ್ಪಿನಲ್ಲಿ ಮುಚ್ಚಿದೆ. ನೀಲಿ ಚಾನೆಲ್‌ನಲ್ಲಿ ಪಾಚಿ 186ಕ್ಕೆ ಇಳಿದಿತ್ತು.

ಈಗ ಇದನ್ನು ಲೇಯರ್ ಮಾಸ್ಕ್ ಮಾಡಿ ಆಕಾಶ ಅಳಿಸಿದರೆ ಕೆನೆ ಬಣ್ಣದ ಮೇಲೆ ಪರವಾಗಿಲ್ಲ. ಮರೂನ್ ಮೇಲೆ ಬಿಳಿ ದಾರ ಹಾಗೇ ಇದೆ.

---

ಮುದ್ರಣ ಭದ್ರಾವತಿ · ಬುಧವಾರ ಮಧ್ಯಾಹ್ನ 1:40

ನಡುವೆ ಒಂದು ಮಾತು. ಆ ಬಿಳಿ ದಾರ ಸ್ಕ್ರೀನಿನಲ್ಲೇ ಕಾಣುತ್ತಿದೆಯೋ, ಅಚ್ಚಾದ ಮೇಲೆ ಮಾತ್ರವೋ? ಗಾಢ ಬಣ್ಣದ ಮೇಲೆ ಕತ್ತರಿಸಿಟ್ಟ ಚಿತ್ರಕ್ಕೆ ಆಫ್‌ಸೆಟ್‌ನಲ್ಲಿ ಪ್ಲೇಟುಗಳು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಕಾಗದದ ಬಿಳಿ ಇಣುಕುತ್ತದೆ. ಗುರುತು ಹಿಡಿಯುವುದು ಸುಲಭ. ಗೆರೆ ಒಂದೇ ಪಕ್ಕದಲ್ಲಿ, ಎಲ್ಲ ಆಕಾರಗಳಿಗೂ ಒಂದೇ ದಿಕ್ಕಿನಲ್ಲಿದ್ದರೆ ಅದು ಪ್ಲೇಟಿನದು. ಸುತ್ತಲೂ ಇದ್ದರೆ ಕತ್ತರಿಸಿದ್ದರದು.

---

ಸಾಗರದ ಡಿಟಿಪಿ · ಬುಧವಾರ ಮಧ್ಯಾಹ್ನ 1:55

ಸ್ಕ್ರೀನಿನಲ್ಲೇ ಇದೆ ಸರ್, ಸುತ್ತಲೂ ಇದೆ.

---

ಕತ್ತಲೆಕೋಣೆ · ಬುಧವಾರ ರಾತ್ರಿ 8:20

ಕೆನೆ ಮತ್ತು ಮರೂನ್ ಎರಡು ಬೇರೆ ಬೇರೆ ಕೆಲಸ. ಒಂದೇ ಕಟಿಂಗ್ ಎರಡಕ್ಕೂ ಒಗ್ಗುವುದಿಲ್ಲ.

ಕೆನೆಗೆ ನೀವು ಆಕಾಶವನ್ನು ಅಳಿಸಲೇಬೇಡಿ. ಅದನ್ನು ಕಾಗದದ ಬಿಳಿ ಮಾಡಿದರೆ ಸಾಕು. ಫೋಟೋ ಮೇಲೆ ಒಂದು `Levels` ಅಡ್ಜಸ್ಟ್‌ಮೆಂಟ್ ಲೇಯರ್ ಹಾಕಿ, ಅದಕ್ಕೆ ಈ ಮಾಸ್ಕ್ ಕೊಡಿ, ಬಿಳಿ ಗುರುತನ್ನು 224ಕ್ಕೆ ಎಳೆಯಿರಿ. ಮರಗಳ ಮೇಲಿನ 226 ಕೂಡ 255 ಆಗುತ್ತದೆ. ಎರಡನ್ನೂ ಒಂದು ಗುಂಪಿಗೆ ಹಾಕಿ, ಗುಂಪನ್ನು `Multiply` ಮಾಡಿ ಕೆನೆ ಬಣ್ಣದ ಮೇಲಿಡಿ. `Multiply`ನಲ್ಲಿ ಬಿಳಿಗೆ ಅಸ್ತಿತ್ವವಿಲ್ಲ, 255 ಇದ್ದಲ್ಲಿ ಕೆಳಗಿನ ಬಣ್ಣ ಹಾಗೇ ಕಾಣುತ್ತದೆ. ಅಂಚಿನ ಪಿಕ್ಸೆಲ್‌ನಲ್ಲಿ ಅರ್ಧ ಬಿಳಿ ಇದ್ದರೆ ಆ ಅರ್ಧದಲ್ಲಿ ಕೆನೆ ತಾನಾಗಿಯೇ ಬಂದು ಕೂರುತ್ತದೆ. ಹುಲ್ಲಿನ ಒಂದು ಎಳೆಯೂ ಹೋಗುವುದಿಲ್ಲ. ಕಲ್ಲಿಗೆ ಕೆನೆಯ ಛಾಯೆ ಸ್ವಲ್ಪ ಹತ್ತುತ್ತದೆ, ಕೆನೆ ಕಾಗದದ ಮೇಲೆ ಅಚ್ಚು ಮಾಡಿದ ಹಾಗೆ. ನನಗೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಆಕಾಶದ ಮೇಲೆ ಬಿಳಿ ಬಣ್ಣ ತುಂಬಬೇಡಿ. ತುಂಬಿದರೆ ಅರ್ಧ ಮಾಸ್ಕ್ ಇರುವ ಅಂಚಿನ ಪಿಕ್ಸೆಲ್ ಕೂಡ ಬೆಳ್ಳಗಾಗಿ ಹುಲ್ಲು ಸಣಕಲಾಗುತ್ತದೆ.

ಆಕಾಶ ನಿಜವಾಗಿ ಬಿಳಿಯಾಯಿತೇ ಎಂದು ಕಣ್ಣಿಂದ ಗೊತ್ತಾಗದು. ಎಲ್ಲದರ ಮೇಲೆ ತಾತ್ಕಾಲಿಕವಾಗಿ ಇನ್ನೊಂದು `Levels` ಹಾಕಿ ಕಪ್ಪು ಗುರುತನ್ನು 245ಕ್ಕೆ ಎಳೆದು ನೋಡಿ. 255 ಆಗದೆ ಉಳಿದ ಮೋಡದ ಕಲೆಗಳೆಲ್ಲ ಮಸಿ ಚೆಲ್ಲಿದಂತೆ ಕಾಣುತ್ತವೆ. ಕೆನೆ ಬಣ್ಣವನ್ನು ಆಗ ಮುಚ್ಚಿಟ್ಟುಕೊಳ್ಳಿ, ಇಲ್ಲದಿದ್ದರೆ ಅದೂ ಕಪ್ಪಾಗಿ ಗೊಂದಲವಾಗುತ್ತದೆ.

ಮರೂನ್‌ಗೆ `Multiply` ನಡೆಯದು, ಇಡೀ ದೇವಸ್ಥಾನವೇ ಮುಳುಗಿಹೋಗುತ್ತದೆ. ಅಲ್ಲಿ ನಿಜವಾಗಿಯೂ ಕತ್ತರಿಸಬೇಕು. ಬಿಳಿ ದಾರ ಬರುವುದು ಮಾಸ್ಕ್ ತಪ್ಪಿದ್ದರಿಂದ ಅಲ್ಲ. ಒಂದು ಹುಲ್ಲೆಳೆಯ ಅಂಚಿನ ಪಿಕ್ಸೆಲ್ ತೆಗೆದುಕೊಳ್ಳಿ. ಹುಲ್ಲು 60, ಆಕಾಶ 250, ಅರ್ಧ ಅರ್ಧ ಬೆರೆತು ಪಿಕ್ಸೆಲ್ 155 ಆಗಿದೆ. ಮಾಸ್ಕ್ ಸರಿಯಾಗಿ ಅದನ್ನು ಅರ್ಧ ಪಾರದರ್ಶಕ ಮಾಡಿತು. ಆದರೆ ಉಳಿದ ಅರ್ಧದ ಬಣ್ಣ ಇನ್ನೂ 155, ಅದರೊಳಗೆ ಆಕಾಶ ಬೆರೆತೇ ಇದೆ. ಮರೂನ್ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ. ಪಾರದರ್ಶಕ ಮಾಡುವುದರ ಜೊತೆಗೆ ಬಣ್ಣವನ್ನು 155ರಿಂದ 60ಕ್ಕೆ ವಾಪಸ್ ತರಬೇಕು. ಫೋಟೋಶಾಪ್‌ನಲ್ಲಿ ನಾನು ಇದನ್ನು ಕೈಯಲ್ಲೇ ಮಾಡುವುದು. ಮೇಲೆ ಒಂದು ಖಾಲಿ ಲೇಯರ್ ಹಾಕಿ ದೇವಸ್ಥಾನದ ಲೇಯರಿಗೆ ಕ್ಲಿಪ್ ಮಾಡಿ, ಕ್ಲೋನ್ ಸ್ಟಾಂಪಿನ `Sample` ಅನ್ನು `Current & Below` ಮಾಡಿ, ಅದನ್ನು `Darken` ಮೋಡ್‌ಗೆ ಇಟ್ಟು, ಒಳಗಿನ ಕಲ್ಲಿನ ಬಣ್ಣವನ್ನು ಅಂಚಿಗೆ ಎಳೆಯುತ್ತಾ ಹೋಗುವುದು. ಶಿಖರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಹುಲ್ಲಿಗೆ ಇದು ಅಷ್ಟು ಚೆನ್ನಾಗಿ ಬರುವುದಿಲ್ಲ, ಒಪ್ಪುತ್ತೇನೆ.

---

ಅಡಿಕೆಗರಿ · ಬುಧವಾರ ರಾತ್ರಿ 9:30

ಸರ್, ಗಿಂಪ್‌ನಲ್ಲಿ `Color to Alpha` ಅಂತ ಇದೆಯಲ್ಲ, ಅದು ಇದೇ ಲೆಕ್ಕ ಮಾಡುವುದಲ್ಲವೇ? ಬಿಳಿ ಆರಿಸಿದರೆ ಪಿಕ್ಸೆಲ್‌ನಲ್ಲಿ ಬಿಳಿ ಎಷ್ಟು ಬೆರೆತಿದೆಯೋ ಅಷ್ಟನ್ನು ಹೊರತೆಗೆದು ಪಾರದರ್ಶಕ ಮಾಡಿ, ಉಳಿದ ಬಣ್ಣವನ್ನು ಗಾಢ ಮಾಡುತ್ತದೆ. ನನ್ನ ಅಡಿಕೆ ಗರಿಗಳು ಕಪ್ಪು ಹಿನ್ನೆಲೆಯಲ್ಲೂ ಅದರಿಂದ ಸ್ವಚ್ಛವಾಗಿ ಬಂದವು. ತೊಂದರೆ ಒಂದೇ, ಮನೆಯ ಸುಣ್ಣದ ಗೋಡೆಯೂ ಮಾಯವಾಯಿತು! ಅದಕ್ಕೆ ಹೀಗೆ ಮಾಡಿದೆ. ಫೋಟೋದ ಇನ್ನೊಂದು ಪ್ರತಿಯನ್ನು ಕೆಳಗೆ ಇಟ್ಟೆ. ಮನೆ ಮತ್ತು ಮರಗಳನ್ನು ಸೆಲೆಕ್ಟ್ ಮಾಡಿ `Select > Shrink` ನಲ್ಲಿ 3 ಪಿಕ್ಸೆಲ್ ಒಳಕ್ಕೆ ಎಳೆದು, ಕೆಳಗಿನ ಪ್ರತಿಗೆ ಅದನ್ನೇ ಮಾಸ್ಕ್ ಮಾಡಿದೆ. ಒಳಭಾಗಕ್ಕೆ ಕೆಳಗಿನದು ಆಧಾರ ಕೊಡುತ್ತದೆ, ಅಂಚಿನ 3 ಪಿಕ್ಸೆಲ್ ಮಾತ್ರ ಮೇಲಿನದರಿಂದ ಬರುತ್ತದೆ.

---

ಕತ್ತಲೆಕೋಣೆ · ಗುರುವಾರ ಬೆಳಿಗ್ಗೆ 6:50

ಅಡಿಕೆಗರಿ, ಇದು ನನ್ನ ದಾರಿಗಿಂತ ಒಳ್ಳೆಯದು. ರಾತ್ರಿ ಕೂತು ನನ್ನ ಹಳೆಯ ಕೆಳದಿ ಫೋಟೋ ಒಂದರ ಮೇಲೆ ಮಾಡಿ ನೋಡಿದೆ, ಹುಲ್ಲು, ಜರಿಗಿಡ ಎಲ್ಲ ಅಚ್ಚುಕಟ್ಟಾಗಿ ನಿಂತವು. ಮೇಡಂ, ಹೀಗೇ ಮಾಡಿ. ಮೊದಲು ಕೆನೆಗೆ ಮಾಡಿದಂತೆ ಮಾಸ್ಕ್ ಇಟ್ಟು ಆಕಾಶವನ್ನು ಪೂರ್ತಿ 255ಕ್ಕೆ ಏರಿಸಿ, ಲೇಯರುಗಳನ್ನು ಒಂದು ಮಾಡಿ, ಅದನ್ನೇ ಗಿಂಪ್‌ನಲ್ಲಿ ತೆರೆಯಿರಿ. ಆಕಾಶ ಏಕಸಮ ಬಿಳಿಯಾಗಿರದಿದ್ದರೆ `Color to Alpha` ಮೋಡದ ತೆಳು ಮುಸುಕನ್ನು ಬಿಟ್ಟುಬಿಡುತ್ತದೆ. ಒಳಭಾಗದ ಆಧಾರಕ್ಕೆ ನಿಮ್ಮ ಮಾಸ್ಕೇ ಸಾಕು, ತಿರುಗಿಸಿ 3 ಪಿಕ್ಸೆಲ್ ಕುಗ್ಗಿಸಿ. ನೆಂದ ಸೂರು, ಬಿಳಿ ಪಾಚಿ ಎಲ್ಲ ಅದರಿಂದ ಉಳಿಯುತ್ತವೆ.

---

ತುಂಗಾತೀರ · ಗುರುವಾರ ಬೆಳಿಗ್ಗೆ 9:15

ಗುಣಾಕಾರದ ವಿಷಯ ಒಪ್ಪಿದೆ ಸರ್, ನಿನ್ನೆ ನನ್ನ ಫೈಲುಗಳಲ್ಲಿ ಅಳೆದೂ ನೋಡಿದೆ. ಆದರೆ 155ರ ಲೆಕ್ಕ ಸರಿ ಇಲ್ಲ. ಕ್ಯಾಮೆರಾದಲ್ಲಿ ಬೆರೆಯುವುದು ಬೆಳಕು, ಪರದೆಯ ಅಂಕಿ ಅಲ್ಲ. 60 ಮತ್ತು 250ನ್ನು ಬೆಳಕಿಗೆ ಪರಿವರ್ತಿಸಿ ಸರಾಸರಿ ಮಾಡಿ ಮತ್ತೆ ಅಂಕಿಗೆ ತಂದರೆ 188ರ ಹತ್ತಿರ ಬರುತ್ತದೆ. ಅಂದರೆ ನಿಜವಾಗಿ ಅರ್ಧ ಹುಲ್ಲು ಇರುವ ಪಿಕ್ಸೆಲ್‌ನಲ್ಲಿ ನಿಮ್ಮ ಲೆಕ್ಕಕ್ಕೆ ಮೂರನೇ ಒಂದು ಪಾಲು ಮಾತ್ರ ಹುಲ್ಲು ಸಿಗುತ್ತದೆ. ಹುಲ್ಲು ಇದ್ದದ್ದಕ್ಕಿಂತ ತೆಳ್ಳಗಾಗುತ್ತದೆ.

---

ಕತ್ತಲೆಕೋಣೆ · ಗುರುವಾರ ಬೆಳಿಗ್ಗೆ 11:00

ಇದು ನಿಜ. ನಾನು ಕೊಟ್ಟದ್ದು ಅಂದಾಜು. ಹುಲ್ಲು ತೆಳ್ಳಗಾಗುವುದೂ ನಿಜ. ಆದರೆ ಅಚ್ಚಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ ಎಂದು ನನಗೆ ಅನಿಸುವುದಿಲ್ಲ. ಮರೂನ್ ಮೇಲೆ ಬಿಳಿ ದಾರ ಉಳಿಯುವುದಕ್ಕಿಂತ ಎಳೆ ಸ್ವಲ್ಪ ತೆಳ್ಳಗಾಗುವುದು ಮೇಲು.

---

ತುಂಗಾತೀರ · ಗುರುವಾರ ಬೆಳಿಗ್ಗೆ 11:20

ಪಿಕ್ಸೆಲ್ ಒಂದರಷ್ಟೇ ದಪ್ಪವಿರುವ ಎಳೆಗೆ ಬೀಳುತ್ತದೆ ಸರ್. ನನ್ನ ಫೋಟೋಗಳಲ್ಲಿ ಒಣಕೊಂಬೆಯ ತುದಿಗಳು ನಡುನಡುವೆ ಕಡಿದುಹೋದದ್ದನ್ನು ನೋಡಿದ್ದೇನೆ. ಎಂಟು ಇಂಚಿನ ಪುಟಕ್ಕೆ ಇಳಿಸಿದಾಗ ಏನಾಗುತ್ತದೋ ಮೇಡಂ ಅವರ ಪ್ರೂಫ್ ನೋಡಿಯೇ ಹೇಳಬೇಕು.

---

ಅಡಿಕೆಗರಿ · ಗುರುವಾರ ಮಧ್ಯಾಹ್ನ 3:30

ಹಸಿರು ಚಾನೆಲ್‌ನಲ್ಲಿ ಮಾಡಿದೆ. ಮೆಟ್ಟಿಲು ಹೋಯಿತು, ಆದರೆ ಪ್ರತಿ ಗರಿಯ ಸುತ್ತ ಫೋನೇ ಹಾಕಿದ ಬಿಳಿ ಗೆರೆ ಇದೆ, ಶಾರ್ಪನಿಂಗ್‌ದು ಇರಬೇಕು. ನನ್ನ ಫೋನಿನಲ್ಲಿ ರಾ ತೆಗೆಯುವ ಸೌಲಭ್ಯವೇ ಇಲ್ಲ. ಇದಕ್ಕೆ ಯಾರಿಗಾದರೂ ದಾರಿ ಗೊತ್ತಿದ್ದರೆ ಹೇಳಿ.

---

ಸಾಗರದ ಡಿಟಿಪಿ · ಶುಕ್ರವಾರ ರಾತ್ರಿ 9:05

ಎರಡೂ ಪುಟದ ಪ್ರೂಫ್ ತೆಗೆಸಿದೆ. ಕೆನೆ ಪುಟ ನೋಡಿ ನನ್ನ ಕಣ್ಣು ತುಂಬಿತು ಸರ್, ಸುಳ್ಳು ಹೇಳುತ್ತಿಲ್ಲ. ಕಪ್ಪು ಗುರುತು 245ಕ್ಕೆ ಎಳೆದು ನೋಡಿದಾಗ ಬಲಮೂಲೆಯಲ್ಲಿ ಅಂಗೈಯಗಲ ಕಲೆ ಸಿಕ್ಕಿತು, ಮಾಸ್ಕ್‌ನಲ್ಲಿ ಅಲ್ಲಿಗೆ `Overlay` ಬ್ರಷ್ ಹಾಕಿದ ಮೇಲೆ ಹೋಯಿತು. ಈಗ ದೇವಸ್ಥಾನ ಕಾಗದದಲ್ಲೇ ಹುಟ್ಟಿದಂತಿದೆ.

ಮರೂನ್ ಪುಟದಲ್ಲಿ ಬಿಳಿ ದಾರ ಪೂರ್ತಿ ಹೋಗಿದೆ. ಶಿಖರದ ಬಲಗಡೆಯ ಹುಲ್ಲು ಪೂರ್ತಿ ಇದೆ, ತೆಳ್ಳಗಾಗಿದೆ ಎಂದು ನನಗೆ ಗೊತ್ತಾಗಲಿಲ್ಲ. ಆದರೆ ಎಡಗಡೆಯ ತುದಿಯಲ್ಲಿ ಎರಡು ಎಳೆ ನಡುವೆ ಕಡಿದಿವೆ, ಸೂರಿನ ಒಂದು ಮೂಲೆ ತಿಂದ ಹಾಗಿದೆ. ಮೂಲ ಫೋಟೋ 200 ಪರ್ಸೆಂಟ್ ಹಿಗ್ಗಿಸಿ ನೋಡಿದರೆ ಆ ಜಾಗದಲ್ಲಿ ಆಕಾಶ ಮೂರೂ ಚಾನೆಲ್‌ನಲ್ಲಿ 255, ಬೇರೆಲ್ಲೂ ಹಾಗಿಲ್ಲ. ಇದು ತುಂಗಾತೀರ ಹೇಳಿದ್ದೋ, ಬೇರೆಯೋ?

---

ಕತ್ತಲೆಕೋಣೆ · ಶುಕ್ರವಾರ ರಾತ್ರಿ 10:00

255 ಮುಟ್ಟಿದೆ ಎಂದರೆ ಅಲ್ಲಿ ಬೆಳಕು ತುಂಬಿ ಚೆಲ್ಲಿದೆ. ಲೆನ್ಸಿನೊಳಗೆ ಬೆಳಕು ಸ್ವಲ್ಪ ಅಂಚಿನಾಚೆಗೂ ಹರಡುತ್ತದೆ, ಆಕಾಶ ಮಿತಿ ಮೀರಿದಲ್ಲಿ ಆ ಹರಡಿದ್ದೂ ಬಿಳಿಯಾಗಿ ದಾಖಲಾಗಿ ಸಣ್ಣ ವಸ್ತುವನ್ನು ನುಂಗುತ್ತದೆ. ಅಲ್ಲಿ ಹುಲ್ಲಿನ ಗುರುತೇ ಫೈಲಿನಲ್ಲಿ ಇಲ್ಲ, ಯಾವ ಮಾಸ್ಕೂ ಅದನ್ನು ತರಲಾರದು. ರಾ ಫೈಲಿನಲ್ಲಿ ಎಕ್ಸ್‌ಪೋಷರ್ 1 ಸ್ಟಾಪ್ ಇಳಿಸಿ ತೆರೆದು ನೋಡಿ. 255 ಇಳಿದರೆ ವಿವರ ಉಳಿದಿದೆ, ಅಲ್ಲಿಂದ ಮತ್ತೆ ಶುರು ಮಾಡಿ. ಬೂದಿಯಾಗಿ ಇಳಿದು ಹುಲ್ಲು ಮಾತ್ರ ಕಾಣದಿದ್ದರೆ ಮತ್ತೆ ಹೋಗಿ ತೆಗೆಯಬೇಕು. ಹೋದರೆ ಮೀಟರ್ ಹೇಳಿದ್ದಕ್ಕಿಂತ 1 ಸ್ಟಾಪ್ ಕಡಿಮೆ ಇಟ್ಟು ಒಂದು, ಹಾಗೇ ಒಂದು. ಕಲ್ಲು ಕಪ್ಪಾದರೂ ರಾ ಫೈಲಿನಿಂದ ಏರಿಸಬಹುದು.

---

ಸಾಗರದ ಡಿಟಿಪಿ · ಶುಕ್ರವಾರ ರಾತ್ರಿ 10:25

ಇಳಿಸಿ ನೋಡಿದೆ. ಸೂರಿನ ಮೂಲೆ ಬಂತು, ಹುಲ್ಲಿನ ಎರಡು ಎಳೆ ಬರಲಿಲ್ಲ. ನಾಳೆ ಬೆಳಿಗ್ಗೆ ಮಳೆ ಹೊಳವಾದರೆ ಇಕ್ಕೇರಿಗೆ ಹೋಗುತ್ತೇನೆ. ಸಾಗರದಿಂದ ಆರು ಕಿಲೋಮೀಟರ್ ಅಷ್ಟೆ.

---

ಮುಂಗಾರು ಹೊಸನಗರ · ಶುಕ್ರವಾರ ರಾತ್ರಿ 10:40

ಅಕ್ಕ, ನಾಳೆ ನಾನೂ ಸಾಗರಕ್ಕೆ ಬರುವವನಿದ್ದೇನೆ. ನನ್ನಲ್ಲಿ ಟ್ರೈಪಾಡ್ ಇದೆ, ತರಲೇ?